ಪೂರೈಕೆ ಪ್ರಮಾಣ ಮತ್ತು ಆವರ್ತ ಸೇವಾ ಮಟ್ಟ: ರೇಷ್ಮೆ ಪರಿಕರ ಮಳಿಗೆಯ ದಾಸ್ತಾನನ್ನು ಅಳೆಯುವ ಎರಡು ಕ್ರಮಗಳು

ರಾಮನಗರ ಭಾಗದ ರೇಷ್ಮೆ ಬೆಳೆಗಾರರಿಗೆ ಪರಿಕರಗಳನ್ನು ಒದಗಿಸುವ ಸಹಕಾರ ಸಂಘಗಳ ಕಾರ್ಯದರ್ಶಿಗಳು, ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರು ಹಾಗೂ ಮಳಿಗೆ ನಡೆಸುವ ಯುವಕರನ್ನು ಉದ್ದೇಶಿಸಿ ಈ ಲೇಖನವನ್ನು ಬರೆಯಲಾಗಿದೆ. ವಾರ್ಷಿಕ ವರದಿಯಲ್ಲಿ 'ನಮ್ಮ ಮಳಿಗೆಯು ಶೇ. 95ರಷ್ಟು ಬೇಡಿಕೆಯನ್ನು ಪೂರೈಸಿದೆ' ಎಂಬ ವಾಕ್ಯವನ್ನು ತಾವು ಬರೆದಿರಬಹುದು ಅಥವಾ ಓದಿರಬಹುದು. ಆ ಶೇ. 95 ಯಾವುದರ ಶೇಕಡಾವಾರು ಎಂಬುದನ್ನು ಹೇಳದ ಹೊರತು ಆ ವಾಕ್ಯಕ್ಕೆ ಅರ್ಥವಿಲ್ಲ. ಒಂದು ಅರ್ಥದಲ್ಲಿ ಅದು ಅತ್ಯುತ್ತಮ ಮಳಿಗೆ. ಇನ್ನೊಂದು ಅರ್ಥದಲ್ಲಿ ಅದೇ ಮಳಿಗೆಯ ಬಾಗಿಲಿನಿಂದ ರೈತರು ವರ್ಷಕ್ಕೆ ಹತ್ತಾರು ಬಾರಿ ಬರಿಗೈಯಲ್ಲಿ ಹಿಂದಿರುಗಿರಬಹುದು.

ಉದಾಹರಣೆಗೆ ಆರಿಸಿಕೊಂಡ ಪರಿಕರ

ಹುಳು ಸಾಕಾಣಿಕೆಯಲ್ಲಿ ಬಳಸುವ ಹಾಸಿಗೆ ಸೋಂಕು ನಿವಾರಕ ಪುಡಿಯನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯು ಅಭಿವೃದ್ಧಿಪಡಿಸಿದ 'ವಿಜೇತ' ಮತ್ತು 'ಅಂಕುಶ್' ಈ ಬಗೆಯ ಪುಡಿಗಳು. ಹುಳುಗಳು ಜ್ವರದಿಂದ ಎದ್ದ ನಂತರ, ಸೊಪ್ಪು ಕೊಡುವುದಕ್ಕೆ ಮುನ್ನ, ಹುಳುಗಳ ಮೇಲೆ ತೆಳುವಾಗಿ ಉದುರಿಸುವುದು ಕ್ರಮ. ಎರಡನೇ ಜ್ವರ ಕಳೆದ ಚಾಕಿ ಹುಳುಗಳನ್ನು ಮನೆಗೆ ತರುವ ರೈತರಿಗೆ ಇದು ಮೂರನೇ ಜ್ವರದ ನಂತರ, ನಾಲ್ಕನೇ ಜ್ವರದ ನಂತರ ಮತ್ತು ಐದನೇ ಹಂತದ ನಾಲ್ಕನೇ ದಿನ ಬೇಕಾಗುತ್ತದೆ.

ಈ ಪರಿಕರವನ್ನು ಆರಿಸಿಕೊಳ್ಳಲು ಕಾರಣವಿದೆ. ರಾಗಿ ಬಿತ್ತನೆ ಬೀಜದಂತೆ ಇದರ ಬೇಡಿಕೆ ವರ್ಷಕ್ಕೊಮ್ಮೆ ಬಂದು ಹೋಗುವುದಿಲ್ಲ, ವರ್ಷವಿಡೀ ಇರುತ್ತದೆ. ಆದರೆ ಪ್ರತಿಯೊಬ್ಬ ರೈತನ ಪಾಲಿಗೆ ಅದು ಬೇಕಾಗುವುದು ನಿರ್ದಿಷ್ಟ ದಿನ. ಜ್ವರದಿಂದ ಎದ್ದ ಹುಳುಗಳನ್ನು ಲಾರಿ ಬರುವ ಸೋಮವಾರದವರೆಗೆ ಕಾಯಿಸಲಾಗದು. ಪುಡಿಯಿಲ್ಲದೆ ಸೊಪ್ಪು ಕೊಟ್ಟರೆ ಹಾಲುತೊಂಡೆ ಅಥವಾ ಸುಣ್ಣಕಟ್ಟು ರೋಗದ ಸೋಂಕು ಒಂದು ಹುಳುವಿನಿಂದ ಇನ್ನೊಂದಕ್ಕೆ ಹಬ್ಬಲು ದಾರಿಯಾಗುತ್ತದೆ. ಅದರ ಪರಿಣಾಮ ಹತ್ತು ಹನ್ನೆರಡು ದಿನಗಳ ನಂತರ ಚಂದ್ರಿಕೆಯಲ್ಲಿ ಕಾಣುತ್ತದೆ. ಆ ವೇಳೆಗೆ, ಮಳಿಗೆಯಲ್ಲಿ ಪುಡಿ ಇಲ್ಲದಿದ್ದ ದಿನವನ್ನು ಯಾರೂ ನೆನಪಿಟ್ಟಿರುವುದಿಲ್ಲ.

ಎರಡು ಅಳತೆಗಳು

ಮಳಿಗೆಗೆ ಒಮ್ಮೆ ಸರಕು ಬಂದ ದಿನದಿಂದ ಮತ್ತೊಮ್ಮೆ ಬರುವವರೆಗಿನ ಅವಧಿಯನ್ನು ಒಂದು ಆವರ್ತ ಎನ್ನೋಣ. ಒಟ್ಟು ಆವರ್ತಗಳ ಪೈಕಿ, ಒಮ್ಮೆಯೂ 'ಇಲ್ಲ' ಎನ್ನಬೇಕಾಗಿ ಬಾರದ ಆವರ್ತಗಳ ಶೇಕಡಾವಾರು ಪಾಲೇ ಆವರ್ತ ಸೇವಾ ಮಟ್ಟ. ಉದ್ಯಮ ವಲಯದಲ್ಲಿ ಇದನ್ನು ಸೈಕಲ್ ಸರ್ವಿಸ್ ಲೆವೆಲ್ ಎನ್ನುತ್ತಾರೆ. ಆವರ್ತದ ಕೊನೆಯ ಸಂಜೆ ಒಂದೇ ಚೀಲ ಕಡಿಮೆಯಾದರೂ ಆ ಆವರ್ತ ಸೋತಂತೆಯೇ. ಐವತ್ತು ಚೀಲ ಕಡಿಮೆಯಾದರೂ ಅದು ಒಂದೇ ಸೋಲು.

ರೈತರು ಕೇಳಿದ ಒಟ್ಟು ಪ್ರಮಾಣದಲ್ಲಿ, ಕೈಯಲ್ಲಿದ್ದ ದಾಸ್ತಾನಿನಿಂದ ಕೂಡಲೇ ಕೊಟ್ಟ ಪಾಲು ಎಷ್ಟು ಎಂಬುದು ಪೂರೈಕೆ ಪ್ರಮಾಣ, ಅಂದರೆ ಫಿಲ್ ರೇಟ್. ಇದು ಚೀಲಗಳನ್ನು ಎಣಿಸುತ್ತದೆ. ಎಷ್ಟು ಬಾರಿ ಕೊರತೆಯಾಯಿತು ಎಂಬುದನ್ನು ಇದು ಕೇಳುವುದಿಲ್ಲ.

ಎರಡು ಮಳಿಗೆಗಳನ್ನು ಕಲ್ಪಿಸಿಕೊಳ್ಳೋಣ. ಒಂದು ಕನಕಪುರದ ಕಡೆ, ಇನ್ನೊಂದು ಚನ್ನಪಟ್ಟಣದ ಕಡೆ. ಎರಡಕ್ಕೂ ಹದಿನೈದು ದಿನಕ್ಕೊಮ್ಮೆ ಲಾರಿ ಬರುತ್ತದೆ. ಲಾರಿ ಬಂದ ದಿನ ಎರಡರಲ್ಲೂ ದಾಸ್ತಾನು 120 ಚೀಲಕ್ಕೆ ಭರ್ತಿಯಾಗುತ್ತದೆ. ಸಿಗದ ರೈತರು ಬೇರೆ ಕಡೆ ಹೋಗುತ್ತಾರೆ, ಮುಂದಿನ ಲಾರಿಗೆ ಕಾಯುವುದಿಲ್ಲ. ಹತ್ತು ಆವರ್ತಗಳ ಲೆಕ್ಕ ಹೀಗಿದೆ ಎಂದಿಟ್ಟುಕೊಳ್ಳಿ:

| ಆವರ್ತ | ಕನಕಪುರ: ಬೇಡಿಕೆ | ಕೊರತೆ | ಚನ್ನಪಟ್ಟಣ: ಬೇಡಿಕೆ | ಕೊರತೆ |
|---|---|---|---|---|
| 1 | 92 | 0 | 100 | 0 |
| 2 | 104 | 0 | 96 | 0 |
| 3 | 118 | 0 | 104 | 0 |
| 4 | 123 | 3 | 98 | 0 |
| 5 | 97 | 0 | 102 | 0 |
| 6 | 125 | 5 | 175 | 55 |
| 7 | 110 | 0 | 105 | 0 |
| 8 | 122 | 2 | 99 | 0 |
| 9 | 101 | 0 | 110 | 0 |
| 10 | 108 | 0 | 111 | 0 |
| ಒಟ್ಟು | 1100 | 10 | 1100 | 55 |

ಕನಕಪುರದ ಮಳಿಗೆಯಲ್ಲಿ ಹತ್ತರಲ್ಲಿ ಮೂರು ಆವರ್ತಗಳು ಸೋತಿವೆ. ಆವರ್ತ ಸೇವಾ ಮಟ್ಟ ಶೇ. 70. ಆದರೆ 1100 ಚೀಲಗಳಲ್ಲಿ 1090 ಸಿಕ್ಕಿವೆ. ಪೂರೈಕೆ ಪ್ರಮಾಣ ಶೇ. 99ಕ್ಕೂ ಸ್ವಲ್ಪ ಹೆಚ್ಚು. ಚನ್ನಪಟ್ಟಣದ ಮಳಿಗೆಯಲ್ಲಿ ಸೋತದ್ದು ಒಂದೇ ಆವರ್ತ. ಆವರ್ತ ಸೇವಾ ಮಟ್ಟ ಶೇ. 90. ಆದರೆ 55 ಚೀಲಗಳು ಸಿಗಲಿಲ್ಲ. ಪೂರೈಕೆ ಪ್ರಮಾಣ ಶೇ. 95.

ಒಂದು ಅಳತೆಯ ಪ್ರಕಾರ ಚನ್ನಪಟ್ಟಣ ಮುಂದಿದೆ, ಇನ್ನೊಂದರ ಪ್ರಕಾರ ಕನಕಪುರ. ಎರಡೂ ಲೆಕ್ಕಗಳು ಸರಿಯಾಗಿಯೇ ಇವೆ. ರೈತರ ಕಡೆಯಿಂದ ನೋಡಿದರೆ ಚನ್ನಪಟ್ಟಣದಲ್ಲಿ ಆ ಒಂದು ಹದಿನೈದು ದಿನದಲ್ಲಿ ಕೇಳಿದ ಪ್ರತಿ ಮೂರು ಚೀಲಗಳಲ್ಲಿ ಸುಮಾರು ಒಂದು ಸಿಗಲಿಲ್ಲ. ಹುಳು ಜ್ವರದಿಂದ ಎದ್ದ ಮನೆಗಳು ಎಷ್ಟೋ ಪುಡಿಯಿಲ್ಲದೆ ಉಳಿದವು. ಕನಕಪುರದಲ್ಲಿ ಮೂರು ಸಲ ಮುಜುಗರವಾಗಿದೆ, ಆದರೆ ಒಟ್ಟು ತೊಂದರೆ ಬೆರಳೆಣಿಕೆಯ ಮನೆಗಳದ್ದು.

ಗುರಿ ಇಟ್ಟುಕೊಳ್ಳುವಾಗ ಆಗುವ ತಪ್ಪು

ಮುಗಿದ ವರ್ಷದ ವರದಿಯಲ್ಲಿ ಈ ಗೊಂದಲ ಉಂಟಾದರೆ ಹಾನಿ ಕಡಿಮೆ. ಮುಂದಿನ ವರ್ಷಕ್ಕೆ ಎಷ್ಟು ದಾಸ್ತಾನು ಇಡಬೇಕೆಂದು ನಿರ್ಧರಿಸುವಾಗ ಉಂಟಾದರೆ ಹಾನಿ ದೊಡ್ಡದು.

ಕನಕಪುರದ ಮಳಿಗೆಯ ಬೇಡಿಕೆಯ ಸರಾಸರಿ ಪ್ರತಿ ಆವರ್ತಕ್ಕೆ 110 ಚೀಲ. ಸರಾಸರಿಯಿಂದ ಆಚೀಚೆ ಆಗುವ ಏರಿಳಿತದ ಅಳತೆ, ಅಂದರೆ ಮಾನಕ ವಿಚಲನೆ, ಸುಮಾರು 12 ಚೀಲ. ಆಡಳಿತ ಮಂಡಳಿಯು 'ಶೇ. 95 ಸೇವೆ ಇರಲಿ' ಎಂದು ನಿರ್ಣಯಿಸಿತೆನ್ನಿ. ಇದನ್ನು ಆವರ್ತ ಸೇವಾ ಮಟ್ಟವೆಂದು ತಿಳಿದರೆ, ನೂರರಲ್ಲಿ ತೊಂಬತ್ತೈದು ಆವರ್ತಗಳು ಕೊರತೆಯಿಲ್ಲದೆ ಸಾಗಬೇಕು. ಅದಕ್ಕೆ ಸರಾಸರಿಯ ಮೇಲೆ 12ರ 1.645 ಪಟ್ಟು, ಅಂದರೆ 20 ಚೀಲ ಹೆಚ್ಚುವರಿ ಬೇಕು. ಲಾರಿ ಬಂದ ದಿನ ದಾಸ್ತಾನು 130 ಚೀಲಕ್ಕೆ ಭರ್ತಿಯಾಗಬೇಕು.

ಅದೇ ಶೇ. 95ನ್ನು ಪೂರೈಕೆ ಪ್ರಮಾಣವೆಂದು ತಿಳಿದರೆ, 110 ಚೀಲಗಳಲ್ಲಿ ಸರಾಸರಿ 5.5 ಚೀಲ ಕೊರತೆಯಾದರೂ ಗುರಿ ಮುಟ್ಟಿದಂತೆ. ಅದಕ್ಕೆ 109 ಚೀಲ ಸಾಕು! ಸರಾಸರಿ ಬೇಡಿಕೆಗಿಂತಲೂ ಒಂದು ಚೀಲ ಕಡಿಮೆ. ಹೀಗೆ ನಡೆಸಿದರೆ ಅರ್ಧಕ್ಕಿಂತ ಹೆಚ್ಚು ಆವರ್ತಗಳಲ್ಲಿ ಪುಡಿ ಮುಗಿದು ಹೋಗುತ್ತದೆ. ವರ್ಷದ 24 ಆವರ್ತಗಳಲ್ಲಿ ಸುಮಾರು 13 ಬಾರಿ. ಆದರೂ ವರದಿಯಲ್ಲಿ 'ಶೇ. 95' ಎಂದು ಪ್ರಾಮಾಣಿಕವಾಗಿಯೇ ಬರೆಯಬಹುದು. ಒಂದೇ ನಿರ್ಣಯದ ಎರಡು ಓದುಗಳ ನಡುವೆ ಇರುವ ಅಂತರ ಇಪ್ಪತ್ತೊಂದು ಚೀಲ. ವರ್ಷವಿಡೀ ಸಿಗದೆ ಹೋಗುವ ಚೀಲಗಳನ್ನು ಎಣಿಸಿದರೆ ಒಂದರಲ್ಲಿ ಸುಮಾರು 6, ಇನ್ನೊಂದರಲ್ಲಿ ಸುಮಾರು 127.

ಸಣ್ಣ ಏರಿಳಿತದ ಬೇಡಿಕೆಯಲ್ಲಿ ಪೂರೈಕೆ ಪ್ರಮಾಣವು ಸಹಜವಾಗಿಯೇ ಎತ್ತರದಲ್ಲಿರುತ್ತದೆ. ಏಕೆಂದರೆ ಆವರ್ತದ ಬಹುಪಾಲು ದಿನಗಳಲ್ಲಿ ಮಳಿಗೆ ತುಂಬಿರುತ್ತದೆ, ಕೊರತೆ ಕಾಡುವುದು ಕೊನೆಯ ಒಂದೆರಡು ದಿನ ಮಾತ್ರ. ಆದ್ದರಿಂದ ಈ ಅಳತೆಯಲ್ಲಿ ಶೇ. 95 ಎಂಬುದು ಹೆಮ್ಮೆಪಡುವ ಅಂಕವಲ್ಲ. ಪರೀಕ್ಷೆಯ ಅಂಕಪಟ್ಟಿಯ ಕಣ್ಣಿನಿಂದ ಅದನ್ನು ನೋಡಬಾರದು.

ಗಣಕಯಂತ್ರದ ಹಾಳೆಯಲ್ಲಿ ತಾವೇ ಈ ಲೆಕ್ಕ ಮಾಡಿಕೊಳ್ಳಬಹುದು. ಸರಾಸರಿ ಬೇಡಿಕೆಯನ್ನು B1ರಲ್ಲಿ, ಮಾನಕ ವಿಚಲನೆಯನ್ನು B2ರಲ್ಲಿ, ಆವರ್ತದ ಆರಂಭದ ದಾಸ್ತಾನನ್ನು B3ರಲ್ಲಿ ತುಂಬಿ, ಕೆಳಗಿನ ನಾಲ್ಕು ಸಾಲುಗಳನ್ನು B4ರಿಂದ B7ರವರೆಗೆ ಬರೆಯಿರಿ.

```
=(B3-B1)/B2
=NORM.S.DIST(B4,TRUE)
=B2*(NORM.S.DIST(B4,FALSE)-B4*(1-B5))
=1-B6/B1
```

B5ರಲ್ಲಿ ಆವರ್ತ ಸೇವಾ ಮಟ್ಟ, B6ರಲ್ಲಿ ಪ್ರತಿ ಆವರ್ತಕ್ಕೆ ನಿರೀಕ್ಷಿತ ಕೊರತೆ, B7ರಲ್ಲಿ ಪೂರೈಕೆ ಪ್ರಮಾಣ ಸಿಗುತ್ತದೆ. 110, 12 ಮತ್ತು 120 ತುಂಬಿದರೆ ಆವರ್ತ ಸೇವಾ ಮಟ್ಟ ಸುಮಾರು ಶೇ. 80, ಪೂರೈಕೆ ಪ್ರಮಾಣ ಶೇ. 98.8 ಬರಬೇಕು. ಮೇಲಿನ ಪಟ್ಟಿಯಲ್ಲಿ ಕಂಡದ್ದು ಶೇ. 70 ಮತ್ತು 99.1. ಹತ್ತೇ ಆವರ್ತಗಳಲ್ಲಿ ಒಂದು ಆವರ್ತ ಅತ್ತಿತ್ತ ಆದರೂ ಆವರ್ತ ಸೇವಾ ಮಟ್ಟ ಶೇ. 10ರಷ್ಟು ಜಿಗಿಯುತ್ತದೆ, ಕಡಿಮೆ ದಾಖಲೆಯಿಂದ ಈ ಅಂಕಿಯನ್ನು ನಂಬುವಾಗ ಎಚ್ಚರ ಬೇಕು.

ಯಾವುದನ್ನು ಆರಿಸಬೇಕು

ಕೊರತೆಯ ನಷ್ಟ ಯಾವುದಕ್ಕೆ ಅಂಟಿಕೊಂಡಿದೆ ಎಂದು ಮೊದಲು ಕೇಳಿಕೊಳ್ಳಿ. ಪುಡಿ ಮುಗಿದ ಕೂಡಲೇ ರಾಮನಗರಕ್ಕೆ ವಿಶೇಷವಾಗಿ ವಾಹನ ಕಳುಹಿಸಿ ತರಿಸುವುದು ತಮ್ಮ ಪದ್ಧತಿಯಾದರೆ, ಬಾಡಿಗೆ ಎರಡು ಚೀಲಕ್ಕೂ ಒಂದೇ, ಇಪ್ಪತ್ತು ಚೀಲಕ್ಕೂ ಒಂದೇ. ಅಲ್ಲಿ ನಷ್ಟ ಆಗುವುದು ಪ್ರತಿ ಸಲಕ್ಕೆ. ಆವರ್ತ ಸೇವಾ ಮಟ್ಟವೇ ತಕ್ಕ ಅಳತೆ. ಹಾಗೆ ತರಿಸದೆ, ಸಿಗದ ರೈತರನ್ನು ಹಿಂದಕ್ಕೆ ಕಳುಹಿಸುವುದಾದರೆ ನಷ್ಟ ಪ್ರತಿ ಚೀಲಕ್ಕೆ. ಆಗ ಪೂರೈಕೆ ಪ್ರಮಾಣವೇ ಸತ್ಯಕ್ಕೆ ಹತ್ತಿರ.

ಹೆಚ್ಚಿನ ಮಳಿಗೆಗಳು ಎರಡನೆಯ ಬಗೆಯವು ಎಂಬುದು ನನ್ನ ಅಭಿಪ್ರಾಯ. ಆದುದರಿಂದ ಸೋಂಕು ನಿವಾರಕ ಪುಡಿಗೆ ಪೂರೈಕೆ ಪ್ರಮಾಣವನ್ನೇ ಬಳಸಿ, ಆದರೆ ಗುರಿಯನ್ನು ಶೇ. 99.5ಕ್ಕೆ ಇಡಿ ಎಂದು ಸಲಹೆ ನೀಡುತ್ತೇನೆ. ನಮ್ಮ ಉದಾಹರಣೆಯಲ್ಲಿ ಅದಕ್ಕೆ 126 ಚೀಲ ಬೇಕು. ಆಗ ವರ್ಷದಲ್ಲಿ ಸುಮಾರು ಎರಡು ಆವರ್ತಗಳಲ್ಲಿ ಮಾತ್ರ ಕೊರತೆ, ಒಟ್ಟು 12 ಚೀಲದಷ್ಟು. ಇಂದಿನ 120ಕ್ಕಿಂತ ಆರೇ ಚೀಲ ಹೆಚ್ಚು. ಸುಣ್ಣ ಬೆರೆತ ಈ ಪುಡಿಗೆ ತೇವ ತಾಗದಂತೆ ಇಡಲು ಸ್ಥಳವಿದ್ದರೆ ಇದು ದೊಡ್ಡ ಹೊರೆಯಲ್ಲ. ಇದೇ ಮಾತನ್ನು ಬ್ಲೀಚಿಂಗ್ ಪುಡಿಗೆ ಅನ್ವಯಿಸಬೇಡಿ. ದಾಸ್ತಾನಿನಲ್ಲಿ ಉಳಿದಂತೆಲ್ಲ ಅದರ ಕ್ಲೋರಿನ್ ಅಂಶ ಕುಂದುತ್ತದೆ, ಹಳೆಯ ಪುಡಿಯಿಂದ ಸಾಕಾಣಿಕೆ ಮನೆ ತೊಳೆದರೆ ಸೋಂಕು ಉಳಿಯುತ್ತದೆ. ಅಲ್ಲಿ ಹೆಚ್ಚು ದಾಸ್ತಾನಿಗಿಂತ ಬೇಗ ಬೇಗ ತರಿಸುವುದು ಮೇಲು.

ಆವರ್ತದ ಉದ್ದವನ್ನೂ ಗಮನಿಸಿ. ರಾಮನಗರ ಪೇಟೆಯ ಮಳಿಗೆಗೆ ವಾರಕ್ಕೊಮ್ಮೆ, ಮಾಗಡಿಯ ಒಳಹಳ್ಳಿಯ ಮಳಿಗೆಗೆ ತಿಂಗಳಿಗೊಮ್ಮೆ ಸರಕು ಬರುತ್ತದೆನ್ನಿ. ಇಬ್ಬರ ಆವರ್ತ ಸೇವಾ ಮಟ್ಟವೂ ಶೇ. 95. ರಾಮನಗರದಲ್ಲಿ ವರ್ಷಕ್ಕೆ 52 ಆವರ್ತಗಳು, ಅಂದರೆ ಎರಡು ಮೂರು ಸಲ ಕೊರತೆ. ಮಾಗಡಿಯಲ್ಲಿ 12 ಆವರ್ತಗಳು, ಅಂದರೆ ಎರಡು ವರ್ಷದಲ್ಲಿ ಸುಮಾರು ಒಂದು ಸಲ. ಮಳಿಗೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವ ಜಿಲ್ಲಾ ಮಟ್ಟದ ಸಭೆಗಳಲ್ಲಿ ಈ ಅಂಶ ಸಾಮಾನ್ಯವಾಗಿ ಮರೆತುಹೋಗುತ್ತದೆ.

ಬಿಲ್ ಪುಸ್ತಕ ಹೇಳದ ಸಂಗತಿ

ಮೇಲಿನ ಲೆಕ್ಕವೆಲ್ಲ ಬೇಡಿಕೆ ಗೊತ್ತಿದೆ ಎಂಬ ಆಧಾರದ ಮೇಲೆ ನಿಂತಿದೆ. ವಾಸ್ತವದಲ್ಲಿ ಮಳಿಗೆಯ ಬಳಿ ಇರುವುದು ಮಾರಾಟದ ದಾಖಲೆ. ಬಿಲ್ ಪುಸ್ತಕವಾಗಲಿ, ಗಣಕೀಕೃತ ಬಿಲ್ಲಿಂಗ್ ಯಂತ್ರವಾಗಲಿ, ಕೊಟ್ಟದ್ದನ್ನು ಬರೆದುಕೊಳ್ಳುತ್ತದೆಯೇ ಹೊರತು ಕೊಡದಿದ್ದುದನ್ನಲ್ಲ. ಚನ್ನಪಟ್ಟಣದ ಆರನೇ ಆವರ್ತದಲ್ಲಿ ಬಿಲ್ ಪುಸ್ತಕ ತೋರಿಸುವುದು 120. ಉಳಿದ 55 ಎಲ್ಲಿಯೂ ದಾಖಲಾಗಿಲ್ಲ. ಅದರ ಆಧಾರದಲ್ಲಿ ಲೆಕ್ಕ ಹಾಕಿದರೆ ಪೂರೈಕೆ ಪ್ರಮಾಣ ಯಾವಾಗಲೂ ಶೇ. 100 ಬರುತ್ತದೆ. ಅದಕ್ಕಿಂತಲೂ ಕೆಟ್ಟದೆಂದರೆ, ಬೇಡಿಕೆಯ ಸರಾಸರಿಯೂ ಏರಿಳಿತವೂ ಕಡಿಮೆಯಾಗಿ ಕಾಣುತ್ತವೆ. ಮುಂದಿನ ವರ್ಷ ಇನ್ನೂ ಕಡಿಮೆ ತರಿಸುತ್ತೀರಿ.

ಇದನ್ನು ಪತ್ತೆ ಹಚ್ಚುವ ಗುರುತು ಸುಲಭ. ಹಲವು ಆವರ್ತಗಳ ಮಾರಾಟವು ಆರಂಭದ ದಾಸ್ತಾನಿಗೆ ಸರಿಯಾಗಿ ಸಮನಾಗಿದ್ದರೆ, ಅವು ಬೇಡಿಕೆಯ ಅಂಕಿಗಳಲ್ಲ. ಮಳಿಗೆ ಬರಿದಾದ ಅಂಕಿಗಳು. ಅಂತಹ ಆವರ್ತಗಳನ್ನು ಬೇರೆಯಾಗಿ ಗುರುತಿಸಿ, ಸರಕು ಮುಗಿದ ದಿನಾಂಕವನ್ನು ಬರೆದಿಡಬೇಕು. ಆವರ್ತ ಸೇವಾ ಮಟ್ಟವನ್ನು ಅಳೆಯಲು ಈ ದಿನಾಂಕವೇ ಸಾಕಾಗುತ್ತದೆ. ಆ ಅಳತೆಯ ದೊಡ್ಡ ಅನುಕೂಲವೇ ಇದು.

ಪೂರೈಕೆ ಪ್ರಮಾಣಕ್ಕಾದರೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ನೋಟ್ ಪುಸ್ತಕ ಬೇಕು. ದಿನಾಂಕ, ಊರು, ಕೇಳಿದ ಚೀಲ, ಕೊಟ್ಟ ಚೀಲ ಎಂಬ ನಾಲ್ಕೇ ಕಲಂಗಳು. ಇದರಲ್ಲಿಯೂ ತಪ್ಪುಗಳು ನುಸುಳುತ್ತವೆ. ಒಬ್ಬರೇ ರೈತರು ಮೂರು ದಿನ ಬಂದು ಕೇಳಿದರೆ ಮೂರು ಬೇಡಿಕೆಯಾಗಿ ಬರೆಯಬಾರದು. ಪುಡಿ ಸಿಗುತ್ತಿಲ್ಲವೆಂಬ ಸುದ್ದಿ ಹಬ್ಬಿದಾಗ ಎರಡು ಬೇಕಾದವರು ನಾಲ್ಕು ಕೇಳುತ್ತಾರೆ. ಅಂತಹ ವಾರದ ಅಂಕಿಯನ್ನು ಹಾಗೆಯೇ ನಂಬಬಾರದು. ಇನ್ನೊಂದು ಕಡೆ, 'ಅಲ್ಲಿ ಇರುವುದಿಲ್ಲ' ಎಂದು ತೀರ್ಮಾನಿಸಿ ಬರುವುದನ್ನೇ ಬಿಟ್ಟವರು ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಚೀಲಗಳ ಜೊತೆಗೆ, ಕೇಳಿದಷ್ಟನ್ನೂ ಪೂರ್ತಿಯಾಗಿ ಪಡೆದ ರೈತರ ಸಂಖ್ಯೆಯನ್ನೂ ತಿಂಗಳಿಗೊಮ್ಮೆ ಎಣಿಸುವುದು ಒಳ್ಳೆಯದು. ಹತ್ತು ಚೀಲದ ಕೊರತೆಯು ಒಬ್ಬ ದೊಡ್ಡ ಸಾಕಾಣಿಕೆದಾರರದ್ದೋ ಹತ್ತು ಸಣ್ಣ ಮನೆಗಳದ್ದೋ ಎಂಬುದು ಆಗ ತಿಳಿಯುತ್ತದೆ.

ಚನ್ನಪಟ್ಟಣದ 175 ಚೀಲಗಳು

ಆರನೇ ಆವರ್ತದ 175ನ್ನು ಹೆಚ್ಚುವರಿ ದಾಸ್ತಾನಿನಿಂದ ಎದುರಿಸಲು ಹೋದರೆ, ವರ್ಷವಿಡೀ ಐವತ್ತಕ್ಕೂ ಹೆಚ್ಚು ಚೀಲಗಳನ್ನು ಸುಮ್ಮನೆ ಇಟ್ಟುಕೊಳ್ಳಬೇಕಾಗುತ್ತದೆ. ಮೇಲಿನ ಸೂತ್ರವೂ ಇಲ್ಲಿ ನೆರವಾಗದು. ಬೇಡಿಕೆಯು ಸರಾಸರಿಯ ಸುತ್ತ ಸಮವಾಗಿ ಹರಡಿದೆ ಎಂದು ಅದು ಭಾವಿಸುತ್ತದೆ. ಒಂದೇ ವಾರದಲ್ಲಿ ಹಲವು ಊರಿಗೆ ಚಾಕಿ ವಿತರಣೆಯಾದಾಗ ಉಂಟಾಗುವ ಏರಿಕೆ ಅಂತಹದ್ದಲ್ಲ.

ಆದರೆ ಈ ಏರಿಕೆ ಆಕಸ್ಮಿಕವೂ ಅಲ್ಲ. ಸೋಂಕು ನಿವಾರಕದ ಬೇಡಿಕೆಯು ಚಾಕಿ ಸಾಕಾಣಿಕೆ ಕೇಂದ್ರದ ವಿತರಣಾ ಪುಸ್ತಕದಲ್ಲಿ ಮೊದಲೇ ಬರೆದಿರುತ್ತದೆ. ಎರಡನೇ ಜ್ವರದಿಂದ ಎದ್ದ ಹುಳುಗಳನ್ನು ರೈತರು ಒಯ್ದ ನಾಲ್ಕೈದು ದಿನಗಳಲ್ಲಿ ಮೂರನೇ ಜ್ವರ ಕಳೆಯುತ್ತದೆ, ಹತ್ತು ದಿನಗಳ ಆಸುಪಾಸಿನಲ್ಲಿ ನಾಲ್ಕನೆಯದು, ಅದಾದ ಮೂರು ನಾಲ್ಕು ದಿನಕ್ಕೆ ಕೊನೆಯ ಉದುರಿಕೆ. ಚಳಿಗಾಲದಲ್ಲಿ ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ. ಮಳಿಗೆಯ ಕಾರ್ಯದರ್ಶಿಯು ವಾರಕ್ಕೊಮ್ಮೆ ಸುತ್ತಲಿನ ಚಾಕಿ ಕೇಂದ್ರಗಳಿಗೆ ಕರೆ ಮಾಡಿ, ಎಷ್ಟು ಮೊಟ್ಟೆಯ ಹುಳು ಯಾವ ಊರಿಗೆ ಹೋಯಿತು ಎಂದು ಕೇಳಿಕೊಂಡರೆ ಮುಂದಿನ ಎರಡು ವಾರದ ಬೇಡಿಕೆ ಬಹುಮಟ್ಟಿಗೆ ಕೈಗೆ ಬರುತ್ತದೆ. ಪೊಟ್ಟಣದ ಮೇಲೆ ನೂರು ಮೊಟ್ಟೆಗೆ ಸೂಚಿಸಿದ ಪ್ರಮಾಣದಿಂದ ಗುಣಿಸಿ, ತಮ್ಮ ಮಳಿಗೆಗೆ ಸಾಮಾನ್ಯವಾಗಿ ಬರುವ ರೈತರ ಪಾಲನ್ನು ಅಂದಾಜಿಸಿದರಾಯಿತು. ಉಳಿಯುವ ಅನಿಶ್ಚಿತತೆ ಮಾತ್ರ ಹೆಚ್ಚುವರಿ ದಾಸ್ತಾನಿನ ಪಾಲಿಗೆ. ಮಳೆಗಾಲ ಮತ್ತು ಚಳಿಗಾಲದ ತಂಪು, ತೇವದ ದಿನಗಳಲ್ಲಿ ಸುಣ್ಣಕಟ್ಟು ರೋಗದ ಭಯದಿಂದ ಬಳಕೆ ಹೆಚ್ಚುವುದನ್ನು ಮಾತ್ರ ಈ ಪುಸ್ತಕ ಹೇಳಲಾರದು. ಅದಕ್ಕೆ ಹಿಂದಿನ ವರ್ಷಗಳ ಅದೇ ತಿಂಗಳ ದಾಖಲೆಯನ್ನು ನೋಡಬೇಕು.

ಬೇಸಾಯಶಾಸ್ತ್ರದವನಾದ ನನಗೆ ಇಲ್ಲಿ ಯೂರಿಯಾ ನೆನಪಾಗುತ್ತದೆ. ರಾಗಿಗೆ ಮೇಲುಗೊಬ್ಬರ ಕೊಡುವುದು ಬಿತ್ತನೆಯಾದ ನಾಲ್ಕೈದು ವಾರಗಳ ನಂತರ, ಮಳೆ ಬಿದ್ದು ನೆಲದಲ್ಲಿ ತೇವವಿರುವಾಗ. ಆ ಮಳೆಯ ಮರುದಿನ ಇಡೀ ಹೋಬಳಿಯೇ ಸಂಘದ ಮುಂದೆ ನಿಲ್ಲುತ್ತದೆ. ಹಂಗಾಮಿಗೆ ಒಂದೆರಡೇ ಆವರ್ತಗಳಿರುವ ಇಂತಹ ಸರಕಿಗೆ ಆವರ್ತ ಸೇವಾ ಮಟ್ಟವನ್ನು ಶೇಕಡಾದಲ್ಲಿ ಹೇಳುವುದೇ ಅರ್ಥಹೀನ. ವರ್ಷದ ಪೂರೈಕೆ ಪ್ರಮಾಣವೂ ದಾರಿ ತಪ್ಪಿಸುತ್ತದೆ. ಬೇಸಿಗೆಯ ಸಲೀಸಾದ ಮಾರಾಟವು ಆಗಸ್ಟಿನ ಕೊರತೆಯನ್ನು ಮುಚ್ಚಿಹಾಕುತ್ತದೆ. ಅಲ್ಲಿ ಎಣಿಸಬೇಕಾದದ್ದು ಆ ಮಳೆಯ ನಂತರದ ಹದಿನೈದು ದಿನಗಳ ಪೂರೈಕೆ ಪ್ರಮಾಣ ಮಾತ್ರ. ಸೋಂಕು ನಿವಾರಕಕ್ಕೂ ಇದನ್ನೇ ಅನುಸರಿಸಿ, ಅಂಕಿಯನ್ನು ವರ್ಷಕ್ಕೊಮ್ಮೆ ಅಲ್ಲದೆ ತಿಂಗಳಿಗೊಮ್ಮೆ ತೆಗೆಯಿರಿ. ಚನ್ನಪಟ್ಟಣದ ಮಳಿಗೆಯ ಹತ್ತು ಆವರ್ತಗಳ ಅಂಕಿ ಶೇ. 95 ಆದರೆ, ಆರನೇ ಆವರ್ತದ್ದು ಸುಮಾರು ಶೇ. 69. ಆಡಳಿತ ಮಂಡಳಿಯ ಮುಂದೆ ಇಡಬೇಕಾದದ್ದು ಎರಡನೆಯ ಅಂಕಿ, ಮತ್ತು ಅದರ ಪಕ್ಕದಲ್ಲಿ ಪುಡಿ ಮುಗಿದ ದಿನಾಂಕ.